ಹಾಲು ಬತ್ತಿದ ದಿನಗಳ ಲೆಕ್ಕ

ಹೈನ ಮಾಡಬೇಕೆಂದು ವಿಚಾರಿಸಲು ಬರುವವರು ಹೆಚ್ಚಾಗಿ ಒಂದೇ ಗುಣಾಕಾರ ಮಾಡಿಕೊಂಡು ಬಂದಿರುತ್ತಾರೆ. ‘ಅಣ್ಣಾರ, ಹನ್ನೆರಡ ಲೀಟರ್ ಹಿಂಡೋ ಆಕಳ ತಂದ್ರ, ಲೀಟರಿಗೆ ಮೂವತ್ನಾಕರಂಗ ದಿನಕ್ಕ ನಾಕನೂರ ದಾಟತೈತಿ. ವರ್ಷಕ್ಕ ಒಂದೂವರಿ ಲಕ್ಷ ಆತಲ್ರಿ. ಅರ್ಧ ಖರ್ಚಿಗೆ ತಗದ್ರೂ ಮುಕ್ಕಾಲ ಲಕ್ಷ ಉಳೀತೈತಿ.’ ಗುಣಾಕಾರ ಸರಿಯಾಗಿಯೇ ಇದೆ. ಆದರೆ ಹನ್ನೆರಡು ಲೀಟರ್ ಅನ್ನುವುದು ಆಕಳು ಈದ ಎರಡನೇ ತಿಂಗಳ ಮಾತು, ವರ್ಷವೆಂಬುದು 365 ದಿನದ ಮಾತು. ಇವೆರಡನ್ನು ಗುಣಿಸಿ ಸಾಲ ತೆಗೆದವರ ಮನೆಯ ಆಕಳು ಎರಡನೇ ಸೂಲು ಕಾಣುವ ಮೊದಲೇ ಸಂತೆಗೆ ಹೋಗಿದ್ದನ್ನು ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಲ್ಲಿ ನೋಡುತ್ತಲೇ ಬಂದಿದ್ದೇನೆ.

ನಾನು ರೋಣ ತಾಲೂಕಿನವನು. ಎರಡು ಎಚ್‌ಎಫ್ ಮಿಶ್ರತಳಿ ಆಕಳು, ಒಂದು ಎಮ್ಮೆ ಕಟ್ಟಿಕೊಂಡು, ಸಂಘಕ್ಕೆ ಹಾಲು ಹಾಕುವ ಸಣ್ಣ ರೈತ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ. ದಿನದ ಲೆಕ್ಕ ಬಿಡಿ, ಈದ ದಿನದಿಂದ ಮುಂದಿನ ಸಲ ಈಯುವ ದಿನದವರೆಗಿನ ಲೆಕ್ಕ ಹಾಕಿ. ಹಾಲು ಕೊಡದ ದಿನವೂ ಆಕಳು ತಿನ್ನುತ್ತದೆ. ಆ ದಿನಗಳ ಹೊಟ್ಟೆಯನ್ನು ಹಾಲಿನ ದಿನಗಳೇ ತುಂಬಬೇಕು.

ಒಂದೇ ಆಕಳನ್ನು ಹಿಡಿದು ಈ ಲೆಕ್ಕವನ್ನು ಕೊನೆಯವರೆಗೆ ಮಾಡೋಣ. ಎರಡನೇ ಸೂಲಿನ ಮಿಶ್ರತಳಿ ಆಕಳು, ಬೆಲೆ 65,000 ರೂಪಾಯಿ. ಮಾರಿದವರು ಹದಿನೈದು ಲೀಟರ್ ಎಂದಿರುತ್ತಾರೆ. ನಮ್ಮ ಬಿಸಿಲು, ನಮ್ಮ ಒಣ ಮೇವಿಗೆ ಹನ್ನೆರಡು ಬಂದರೆ ಒಳ್ಳೆಯ ಆಕಳೇ. ಅದು ಮೊದಲ ತಿಂಗಳು ದಿನಕ್ಕೆ 10 ಲೀಟರ್ ಕೊಡುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ಏರಿ 12 ಮುಟ್ಟುತ್ತದೆ. ಅಲ್ಲಿಂದ ಇಳಿಯಲು ಶುರು, ತಿಂಗಳಿಗೆ ಒಂದು ಲೀಟರ್ ಕಡಿಮೆಯಾಗುತ್ತ ಹನ್ನೊಂದನೇ ತಿಂಗಳಿಗೆ 3 ಲೀಟರಿಗೆ ಬಂದು ನಿಲ್ಲುತ್ತದೆ. ಎಲ್ಲ ಕೂಡಿಸಿದರೆ ಆ ಸೂಲಿಗೆ 2,550 ಲೀಟರ್. ಆಕಳು ಹೆಚ್ಚೆಂದರೆ ಎಷ್ಟು ಲೀಟರ್ ಹಿಂಡುತ್ತದೋ ಅದರ ಇನ್ನೂರು ಪಟ್ಟು ಇಡೀ ಸೂಲಿನ ಹಾಲು ಎಂಬ ಅಂದಾಜು ಹೈನುಗಾರರಲ್ಲಿ ಬಳಕೆಯಲ್ಲಿದೆ. ಹನ್ನೆರಡಕ್ಕೆ 2,400 ಆಗುತ್ತದೆ, ಹೆಚ್ಚೂಕಡಿಮೆ ಕೂಡಿ ಬರುತ್ತದೆ.

ನಮ್ಮ ಕಡೆ ಮಿಶ್ರತಳಿ ಆಕಳು ಒಂದು ಸಲ ಈದು ಮತ್ತೆ ಈಯಲು ಹದಿನಾಲ್ಕು ತಿಂಗಳು ತೆಗೆದುಕೊಳ್ಳುವುದು ಸಾಮಾನ್ಯ. ಅಂದರೆ ಸುಮಾರು 425 ದಿನ. ಅದರಲ್ಲಿ 330 ದಿನ ಹಾಲು, ಉಳಿದ 95 ದಿನ ಬತ್ತಿದ ಕೆಚ್ಚಲು. ಗುಣಾಕಾರ ಮಾಡಿಕೊಂಡು ಬಂದವರ ಕಣ್ಣಿಗೆ ಬೀಳದಿರುವುದು ಈ 95 ದಿನಗಳೇ.

ಮೊದಲು ಆದಾಯ ನೋಡೋಣ. 2,550 ಲೀಟರಿನಲ್ಲಿ ಕರುವಿಗೆ 200 ಲೀಟರ್ ಬಿಡಲೇಬೇಕು. ಗಿಣ್ಣದ ಹಾಲು, ಆಮೇಲಿನ ಎರಡು ಮೂರು ತಿಂಗಳ ಹಾಲು ಕಡಿಮೆ ಮಾಡಿದರೆ ಹೆಣ್ಣುಗರು ಸೊರಗುತ್ತದೆ. ಅದು ಮುಂದಿನ ಆಕಳು ಎಂಬುದು ನೆನಪಿರಲಿ. ಉಳಿದ 2,350 ಲೀಟರಿಗೆ 34 ರೂಪಾಯಿಯಂತೆ 79,900 ರೂಪಾಯಿ. ಮನೆಯಲ್ಲಿ ಕುಡಿದ 150 ಲೀಟರನ್ನೂ ನಾನು ಇದರಲ್ಲೇ ಸೇರಿಸಿದ್ದೇನೆ, ಯಾಕೆಂದರೆ ಇಲ್ಲದಿದ್ದರೆ ಕೊಂಡು ಕುಡಿಯಬೇಕಿತ್ತು. ಸಂಘಕ್ಕೆ ಹಾಕಿದ 2,200 ಲೀಟರಿಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಹಿಡಿದರೆ 11,000. ಈ ಹಣ ಹಾಲಿನ ಬಟವಾಡೆಯ ಜೊತೆ ಬರುವುದಿಲ್ಲ. ಬೇರೆಯಾಗಿ, ತಡವಾಗಿ ಖಾತೆಗೆ ಬೀಳುತ್ತದೆ. ಆದ್ದರಿಂದ ಅದನ್ನು ನಂಬಿ ಹಿಂಡಿ ಅಂಗಡಿಯಲ್ಲಿ ಉದ್ರಿ ಮಾಡಬೇಡಿ. ಗೊಬ್ಬರ ಎರಡು ಟ್ರ್ಯಾಕ್ಟರ್ ಹೇರು, 5,000. ಒಟ್ಟು 95,900 ರೂಪಾಯಿ.

34 ರೂಪಾಯಿ ಎಂಬುದು ನಾನು ಲೆಕ್ಕಕ್ಕೆ ಹಿಡಿದ ದರ. ನಿಮ್ಮೂರ ಸಂಘದ ಚೀಟಿ ನೋಡಿ ತಿದ್ದಿಕೊಳ್ಳಿ. ಸಂಘದಲ್ಲಿ ದರ ನಿಲ್ಲುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಆಕಳ ಹಾಲಿಗೆ ಶೇ 3.5 ಫ್ಯಾಟ್, ಶೇ 8.5 ಎಸ್‌ಎನ್‌ಎಫ್ ಇದ್ದರೆ ಪೂರ್ತಿ ದರ, ಕೆಳಗಿಳಿದಂತೆ ಕಡಿತ. ಇಲ್ಲಿ ಬಹಳ ಮಂದಿ ತಿಳಿಯದೆ ಕಳೆದುಕೊಳ್ಳುತ್ತಾರೆ. ಕೆಚ್ಚಲಲ್ಲಿ ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಬರುವ ಹಾಲಿನಲ್ಲೇ ಕೆನೆ ಹೆಚ್ಚು. ಹಿಂಡಿ ಮುಗಿದ ಮೇಲೆ ಕರುವನ್ನು ಬಿಟ್ಟರೆ ಒಳ್ಳೆಯ ಫ್ಯಾಟ್ ಅದರ ಪಾಲಾಗುತ್ತದೆ. ಕರುವಿಗೆ ಅದರ ಪಾಲನ್ನು ಮೊದಲೇ ಕುಡಿಸಿ, ಆಮೇಲೆ ಕೊನೆಯ ಹನಿಯವರೆಗೆ ಹಿಂಡಿಕೊಳ್ಳಿ. ಇನ್ನೊಂದು, ಹಾಲು ಹೆಚ್ಚಲೆಂದು ಹಿಂಡಿಯನ್ನೇ ಸುರಿದು ಕಣಿಕೆ ಕಡಿಮೆ ಮಾಡಿದರೂ ಫ್ಯಾಟ್ ಬೀಳುತ್ತದೆ. ಆಕಳು ಮಲಗಿ ಮೆಲುಕು ಹಾಕುವಷ್ಟು ನಾರು ಹೊಟ್ಟೆಗೆ ಬೀಳಲೇಬೇಕು.

ಇನ್ನು ಖರ್ಚು. ಪಶು ಆಹಾರವೇ ಎಲ್ಲಕ್ಕಿಂತ ದೊಡ್ಡದು. ಆಕಳ ಮೈ ಉಳಿಯಲು ದಿನಕ್ಕೆ ಒಂದೂವರೆ ಕಿಲೊ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊ. ಗಬ್ಬದ ಕೊನೆಯ ಎರಡು ತಿಂಗಳು ಇನ್ನೊಂದು ಕಿಲೊ ಹೆಚ್ಚು. 425 ದಿನಕ್ಕೆ ಇದು 1,720 ಕಿಲೊ ಆಗುತ್ತದೆ. ಕಿಲೊಗೆ 26 ರೂಪಾಯಿ ಹಿಡಿದರೆ 44,700 ರೂಪಾಯಿ. ಖನಿಜ ಮಿಶ್ರಣ, ಡಾಕ್ಟರು, ಔಷಧ, ಜಂತಿನ ಗುಳಿಗೆ, ಕೃತಕ ಗರ್ಭಧಾರಣೆ, ವಿಮೆ, ಕರೆಂಟು, ಹಗ್ಗ, ಬಕೀಟು, ಎಲ್ಲ ಸೇರಿ 11,000. ಉಳಿದದ್ದು ಮೇವು. ದಿನಕ್ಕೆ 20 ಕಿಲೊ ಹಸಿ ಮೇವು, 5 ಕಿಲೊ ಕಣಿಕೆ. ಸ್ವಂತ ಹೊಲದಲ್ಲಿ ಬೆಳೆದರೆ ಬೀಜ, ಗೊಬ್ಬರ, ನೀರು, ಕಟಾವು ಸೇರಿ ದಿನಕ್ಕೆ 35 ರೂಪಾಯಿ, ಒಟ್ಟು 15,000. ಪೂರ್ತಿ ಕೊಂಡು ಹಾಕಿದರೆ ದಿನಕ್ಕೆ 80 ರೂಪಾಯಿ, ಒಟ್ಟು 34,000.

ಹಾಗಾದರೆ ಉಳಿಯುವುದೆಷ್ಟು? ಸ್ವಂತ ಮೇವಿದ್ದವರ ಖರ್ಚು 70,700, ಉಳಿತಾಯ 25,200. ಹದಿನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,800 ರೂಪಾಯಿ. ಮೇವು ಕೊಳ್ಳುವವರ ಖರ್ಚು 89,700, ಉಳಿತಾಯ 6,200. ತಿಂಗಳಿಗೆ 450 ರೂಪಾಯಿಯೂ ಇಲ್ಲ.

ಇನ್ನೂ ಒಂದು ಬಾಬು ಬಾಕಿ ಇದೆ. 65,000 ಕೊಟ್ಟು ತಂದ ಆಕಳು ನಾಲ್ಕು ಸೂಲು ಹಿಂಡಿ ಮುದಿಯಾದಾಗ 25,000ಕ್ಕೆ ಹೋದೀತು. ಸವೆದು ಹೋದ 40,000 ರೂಪಾಯಿಯನ್ನು ಸೂಲಿಗೆ 10,000ದಂತೆ ಹಾಲಿನಿಂದಲೇ ತುಂಬಬೇಕು. ಆಗ ಸ್ವಂತ ಮೇವಿನವರಿಗೆ ಸೂಲಿಗೆ 15,200 ಉಳಿಯುತ್ತದೆ, ಕೊಂಡು ಹಾಕುವವರಿಗೆ 3,800 ಕೈಯಿಂದ ಹೋಗುತ್ತದೆ. ಶೇಕಡ ಹತ್ತರ ಬಡ್ಡಿಯ ಸಾಲದಲ್ಲಿ ತಂದಿದ್ದರೆ ಹದಿನಾಲ್ಕು ತಿಂಗಳಿಗೆ ಸುಮಾರು 7,500 ಬಡ್ಡಿ ಬೇರೆ. ಮನೆಯವರ ದುಡಿಮೆಗೆ ಈ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಹಿಡಿದಿಲ್ಲ, ಅದರ ಮಾತು ಮುಂದಿದೆ.

ಇದೇ ಆಕಳನ್ನು ಎರಡನೇ ತಿಂಗಳಿನಲ್ಲಿ ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಆ ದಿನ ಹನ್ನೆರಡು ಲೀಟರಿಗೆ ಪ್ರೋತ್ಸಾಹಧನ ಸೇರಿ 465 ರೂಪಾಯಿ ಬರುತ್ತದೆ. ಸ್ವಂತ ಮೇವಿದ್ದರೆ ಖರ್ಚು 225, ಉಳಿಯುವುದು 240. ತಿಂಗಳಿಗೆ 7,200 ಆಯಿತು. ಹೊಸಬರು ಪಕ್ಕದ ಮನೆಯಲ್ಲಿ ನೋಡಿ ಮನಸ್ಸು ಮಾಡುವುದು ಆ ತಿಂಗಳನ್ನು ನೋಡಿಯೇ. ಪಕ್ಕದ ಮನೆಯವರು ಸುಳ್ಳು ಹೇಳಿರುವುದಿಲ್ಲ. ಆ ತಿಂಗಳು ಅವರಿಗೆ ನಿಜವಾಗಿಯೂ ಅಷ್ಟು ಉಳಿದಿರುತ್ತದೆ.

ಇದರಿಂದ ಉಪಯೋಗಕ್ಕೆ ಬರುವ ಒಂದು ಅಂಕಿ ಸಿಗುತ್ತದೆ. ಹಾಲು ಕೊಡಲಿ ಬಿಡಲಿ, ಸ್ವಂತ ಮೇವಿನ ಆಕಳಿಗೆ ದಿನಕ್ಕೆ 100 ರೂಪಾಯಿ ಖರ್ಚಿದೆ. ಕೊಂಡ ಮೇವಿನದಕ್ಕೆ 145. ಒಂದು ಲೀಟರ್ ಹಾಲಿನಿಂದ, ಆ ಲೀಟರಿಗೆ ತಿನ್ನಿಸಿದ ಹಿಂಡಿ ಕಳೆದು, ಇಪ್ಪತ್ತೆಂಟು ರೂಪಾಯಿಯಷ್ಟು ಉಳಿಯುತ್ತದೆ. ಹಾಗಾಗಿ ಮೊದಲನೆಯವರಿಗೆ ಮೂರೂವರೆ ಲೀಟರಿಗೆ ಖರ್ಚು ಸರಿಹೋಗುತ್ತದೆ, ಎರಡನೆಯವರಿಗೆ ಐದು ಲೀಟರ್ ಬೇಕು. ಆಕಳು ಈ ಗೆರೆಗಿಂತ ಕೆಳಗಿಳಿದ ದಿನದಿಂದ ಮತ್ತೆ ಈಯುವವರೆಗೆ ನಿಮ್ಮ ಕಿಸೆಯಿಂದಲೇ ತಿನ್ನುತ್ತದೆ. ಆ ದಿನಗಳಿಗೆಂದು ಹತ್ತರಿಂದ ಹದಿನೈದು ಸಾವಿರ ರೂಪಾಯಿಯನ್ನು ಹಾಲಿನ ದಿನಗಳಲ್ಲೇ ತೆಗೆದಿಡಬೇಕು. ತೆಗೆದಿಡದವರು ಬತ್ತಿದ ಆಕಳಿಗೆ ಹಿಂಡಿ ಬಂದ್ ಮಾಡುತ್ತಾರೆ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಹೊಟ್ಟೆ ಕಟ್ಟಿದ ಆಕಳು ಮುಂದಿನ ಸೂಲಿನಲ್ಲಿ ಹನ್ನೆರಡರ ಬದಲು ಒಂಬತ್ತಕ್ಕೆ ನಿಲ್ಲುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ.

ಬತ್ತಿದ ದಿನಗಳನ್ನು ಪೂರ್ತಿ ತಪ್ಪಿಸಲಾಗದು, ಕೆಚ್ಚಲಿಗೆ ಎರಡು ತಿಂಗಳ ವಿಶ್ರಾಂತಿ ಬೇಕೇ ಬೇಕು. ತಪ್ಪಿಸಬಹುದಾದದ್ದು ಅದಕ್ಕಿಂತ ಹೆಚ್ಚಿನ ದಿನಗಳನ್ನು. ಅದು ನಿಂತಿರುವುದು ಆಕಳು ಬೆದೆಗೆ ಬಂದದ್ದನ್ನು ನೀವು ನೋಡಿದಿರೋ ಇಲ್ಲವೋ ಎಂಬುದರ ಮೇಲೆ. ಆಕಳು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಹೆಚ್ಚೆಂದರೆ ಒಂದು ದಿನ ಇರುತ್ತದೆ. ಗಬ್ಬ 280 ದಿನ. ನಾವು ಹಿಡಿದ ಹದಿನಾಲ್ಕು ತಿಂಗಳ ಆಕಳು ಗಬ್ಬ ಕಟ್ಟಿದ್ದು ಈದ 145ನೇ ದಿನಕ್ಕೆ. ಅದಕ್ಕೆ ಮೂರು ಬೆದೆ ಮೊದಲೇ, 82ನೇ ದಿನದ ಹೊತ್ತಿಗೆ ಕಟ್ಟಿದ್ದರೆ, ಹನ್ನೆರಡು ತಿಂಗಳಿಗೇ ಈಯುತ್ತಿತ್ತು. ಮೂರು ಲೀಟರಿನ ಆ ಕೊನೆಯ ತಿಂಗಳು ಇರುತ್ತಿರಲಿಲ್ಲ, ಬತ್ತಿದ 95 ದಿನ 62ಕ್ಕೆ ಇಳಿಯುತ್ತಿತ್ತು. ಸ್ವಂತ ಮೇವಿನ ಲೆಕ್ಕದಲ್ಲೇ ನೋಡಿದರೆ ಹದಿನಾಲ್ಕು ತಿಂಗಳಿಗೆ 25,200 ಉಳಿಯುವ ಬದಲು ಹನ್ನೆರಡು ತಿಂಗಳಿಗೆ 28,900 ಉಳಿಯುತ್ತಿತ್ತು. ತಿಂಗಳಿಗೆ 1,800 ಇದ್ದದ್ದು 2,400 ಆಗುತ್ತದೆ. ಹಿಂಡಿ ಬದಲಿಸಿ, ಟಾನಿಕ್ ಕುಡಿಸಿ ಇಷ್ಟು ಹೆಚ್ಚಿಸುವುದು ಕಷ್ಟ.

ಬೆದೆ ನೋಡಲು ಕಣ್ಣು ಬೇಕು. ಕೂಗುವುದು, ಬೇರೆ ದನದ ಮೇಲೆ ಹತ್ತುವುದು, ಬೇರೆಯದು ಹತ್ತಿದಾಗ ನಿಂತುಕೊಳ್ಳುವುದು, ಆ ದಿನ ಹಾಲು ಇಳಿಯುವುದು, ಬಾಲದ ಕೆಳಗೆ ಗಾಜಿನಂಥ ತಿಳಿ ಲೋಳೆ ಕಾಣುವುದು, ಇವು ಗುರುತು. ಒಂದೇ ಆಕಳನ್ನು ಗೂಟಕ್ಕೆ ಕಟ್ಟಿದವರಿಗೆ ಹತ್ತುವ ಗುರುತು ಸಿಗುವುದಿಲ್ಲ, ಲೋಳೆ ನೋಡಿಯೇ ಹೇಳಬೇಕು. ನಸುಕಿನಲ್ಲಿ ಆಕಳು ಮಲಗಿದ್ದಾಗ ಬ್ಯಾಟರಿ ಹಿಡಿದು ಹಿಂದೆ ನೋಡಿದರೆ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಮಾಡಿಸಿ. ಲೋಳೆ ಬೆಳ್ಳಗೆ, ಕೀವಿನಂತೆ ಇದ್ದರೆ ಗರ್ಭಕೋಶದಲ್ಲಿ ಸೋಂಕಿದೆ ಎಂದರ್ಥ. ಆಗ ಮೊದಲು ಚಿಕಿತ್ಸೆ, ಮುಂದಿನ ಬೆದೆಗೆ ಇಂಜೆಕ್ಷನ್. ಮಾಡಿಸಿದ ಮೇಲೆ 21ನೇ ದಿನದ ಆಸುಪಾಸು ಮತ್ತೆ ನೋಡಿ. ಬೆದೆ ಕಾಣದಿದ್ದರೂ ಗಬ್ಬವೆಂದು ನಂಬಿ ಕೂರಬೇಡಿ, ಎರಡರಿಂದ ಮೂರು ತಿಂಗಳೊಳಗೆ ಡಾಕ್ಟರರಿಂದ ಕೈ ಹಾಕಿಸಿ ಖಾತ್ರಿ ಮಾಡಿಕೊಳ್ಳಿ. ಐದು ತಿಂಗಳು ಗಬ್ಬವೆಂದು ಸಾಕಿ, ಆಮೇಲೆ ಖಾಲಿ ಎಂದು ತಿಳಿದರೆ ಆ ಸೂಲಿನ ಉಳಿತಾಯದಲ್ಲಿ ಬಹುಪಾಲು ಹೋಗಿರುತ್ತದೆ. ಕೊಟ್ಟಿಗೆಯ ಗೋಡೆಯ ಮೇಲೆ ಈದ ದಿನ, ಬೆದೆಯ ದಿನ, ಇಂಜೆಕ್ಷನ್ ದಿನ ಇವು ಮೂರನ್ನು ಬರೆದಿಟ್ಟರೆ ಸಾಕು.

ಮೇವಿನ ವಿಷಯದಲ್ಲಿ ನಮ್ಮ ಮೂರೂ ತಾಲೂಕು ಒಂದೇ ಅಲ್ಲ. ನರಗುಂದದ ಕಡೆ ಮಲಪ್ರಭಾ ಬಲದಂಡೆ ಕಾಲುವೆಯ ನೀರು ಸಿಗುವ ಹೊಲಗಳಿವೆ, ಗೋವಿನಜೋಳ ಬೆಳೆಯುವವರಿದ್ದಾರೆ, ಆದರೆ ಬೇಸಿಗೆಗೆ ಕಾಲುವೆಯನ್ನು ನಂಬುವಂತಿಲ್ಲ. ರೋಣದ ಎರಿ ಹೊಲದಲ್ಲಿ ಹಿಂಗಾರಿ ಜೋಳದ ಕಣಿಕೆ, ಕಡಲೆ ಹೊಟ್ಟು ಸಿಗುತ್ತವೆ, ಹಸಿ ಮೇವಿಗೆ ಬೋರ್‌ವೆಲ್ ಬೇಕು. ಗಜೇಂದ್ರಗಡದ ಗುಡ್ಡದ ಬದಿಯ ಹೊಲಗಳಲ್ಲಿ ನೀರಿನದೇ ಚಿಂತೆ. ಶೇಂಗಾ ಬೆಳೆಯುವವರಿಗೆ ಅದರ ಹೊಟ್ಟು ಒಳ್ಳೆಯ ಆಸರೆ, ಕಣಿಕೆಗಿಂತ ಅದರಲ್ಲಿ ಸತ್ವ ಹೆಚ್ಚು.

ಒಂದು ಆಕಳಿಗೆ ವರ್ಷಕ್ಕೆ ಏಳು ಟನ್ನಿಗಿಂತ ಹೆಚ್ಚು ಹಸಿ ಮೇವು ಬೇಕು. ವರ್ಷವಿಡೀ ನೀರಿದ್ದರೆ ಎಂಟು ಗುಂಟೆ ನೇಪಿಯರ್ ಹುಲ್ಲು ಅಷ್ಟನ್ನು ಕೊಡುತ್ತದೆ. ನಾಟಿ ಮಾಡಿದ ಎರಡೂವರೆ ತಿಂಗಳಿಗೆ ಮೊದಲ ಕಟಾವು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಬಲಿಯಲು ಬಿಟ್ಟರೆ ದಂಟು ಗಟ್ಟಿಯಾಗಿ ಅರ್ಧ ಗೋದಲಿಯಲ್ಲೇ ಉಳಿಯುತ್ತದೆ. ಕಣಿಕೆ ಎರಡು ಟನ್ ಬೇಕು. ಅದನ್ನು ಸುಗ್ಗಿ ಮುಗಿಯುವ ಹೊತ್ತಿಗೇ, ಯುಗಾದಿಯ ಒಳಗೆ ಕೊಂಡು ಬಣವೆ ಒಟ್ಟಿಕೊಳ್ಳಬೇಕು. ಮೇ ತಿಂಗಳಲ್ಲಿ ಸೂಡು ಸೂಡಾಗಿ ಕೊಳ್ಳಲು ಹೋದರೆ ಈ ಲೆಕ್ಕದ ದರ ಎಲ್ಲಿಯೂ ಸಿಗುವುದಿಲ್ಲ. ಹಾಕುವಾಗ ಕತ್ತರಿಸಿಯೇ ಹಾಕಿ, ಉದ್ದುದ್ದ ಹಾಕಿದ ಕಣಿಕೆಯಲ್ಲಿ ಒಳ್ಳೆಯ ಪಾಲು ಕಾಲ ಕೆಳಗೆ ಹೋಗುತ್ತದೆ. ಜೋಳದ ಹಸಿ ಪೈರಿನ ಬಗ್ಗೆ ಒಂದು ಎಚ್ಚರ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ವಿಷ. ಅದನ್ನು ಹೊಟ್ಟೆ ತುಂಬ ಮೇಯ್ದ ದನ ತೇಕುತ್ತ, ತಲೆ ತಿರುಗಿ ಬಿದ್ದು ಗಂಟೆಯೊಳಗೆ ಸಾಯಬಹುದು. ಹೂ ಬರುವವರೆಗೆ ಹಸಿ ಜೋಳ ಹಾಕಬೇಡಿ.

ರೋಗದಲ್ಲಿ ಹೆಚ್ಚು ಹಣ ತಿನ್ನುವುದು ಕೆಚ್ಚಲು ಬಾವು. ಲಸಿಕೆಯಿಂದ ತಡೆಯಬಹುದಾದ ರೋಗವಲ್ಲ ಇದು, ಸ್ವಚ್ಛತೆಯಿಂದ ತಡೆಯಬೇಕು. ದಿನವೂ ಹಿಂಡುವ ಮೊದಲು ನಾಲ್ಕು ಮೊಲೆಗಳ ಮೊದಲ ಸೆಲೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಡಿ. ಬಿಳಿ ಚೂರು, ನೀರಿನಂಥ ಹಾಲು ಕಂಡರೆ ಅಂದೇ ಡಾಕ್ಟರರಿಗೆ ತೋರಿಸಿ. ಬಾತು ಬಿಸಿಯಾಗುವವರೆಗೆ ಕಾದರೆ ಒಂದು ಮೊಲೆಯೇ ಹೋದೀತು, ಹೋದ ಮೊಲೆ ಮತ್ತೆ ಪೂರ್ತಿ ಬರುವುದು ಅಪರೂಪ. ಔಷಧ ಕೊಡುವ ದಿನಗಳ ಹಾಲನ್ನೂ, ಆಮೇಲೆ ಡಾಕ್ಟರು ಹೇಳಿದಷ್ಟು ದಿನದ ಹಾಲನ್ನೂ ಸಂಘಕ್ಕೆ ಹಾಕುವಂತಿಲ್ಲ. ದಿನಕ್ಕೆ ಹತ್ತು ಲೀಟರ್ ಕೊಡುವ ಆಕಳ ಎಂಟು ದಿನದ ಹಾಲು ಚೆಲ್ಲಿದರೆ 3,000 ರೂಪಾಯಿ ದಾಟುತ್ತದೆ, ಔಷಧದ ಖರ್ಚು ಬೇರೆ. ಹಿಂಡಿದ ಮೇಲೆ ಮೊಲೆಯ ತೂತು ಅರ್ಧ ಗಂಟೆಯವರೆಗೆ ತೆರೆದೇ ಇರುತ್ತದೆ. ಆಗ ಸಗಣಿ ಉಚ್ಚೆಯ ನೆಲದಲ್ಲಿ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ. ಮೇವನ್ನು ಹಿಂಡುವಾಗ ಹಾಕದೆ ಹಿಂಡಿ ಮುಗಿಸಿದ ಮೇಲೆ ಹಾಕಿದರೆ ಆಕಳು ತಿನ್ನುತ್ತ ನಿಂತೇ ಇರುತ್ತದೆ. ಇದಕ್ಕೆ ದುಡ್ಡು ಬೇಡ.

ವಿಮೆ ಮಾಡಿಸಿದರೆ ಕಿವಿಯ ಓಲೆ ಬಿದ್ದುಹೋಗದಂತೆ ನೋಡಿಕೊಳ್ಳಿ. ಓಲೆ ಇಲ್ಲದ ಆಕಳಿಗೆ ಪರಿಹಾರ ಸಿಗುವುದಿಲ್ಲ. ಬಿದ್ದರೆ ತಕ್ಷಣ ತಿಳಿಸಿ ಹೊಸದು ಹಾಕಿಸಿ. 2022ರ ಚರ್ಮಗಂಟು ರೋಗ ನಮ್ಮ ಭಾಗದ ಕೊಟ್ಟಿಗೆಗಳನ್ನು ಹೊಕ್ಕಾಗ ವಿಮೆ ಇದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರವನ್ನು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ರಾತ್ರಿ ಹೊತ್ತು, ದೂರದ ಹಳ್ಳಿಯಲ್ಲಿ ಈಯಲು ಕಷ್ಟವಾದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವುದೋ ಕೇಳಿ. ಜೊತೆಗೆ ಹತ್ತಿರದ ಡಾಕ್ಟರರ ನಂಬರನ್ನೂ ಇಟ್ಟುಕೊಳ್ಳಿ.

ದುಡಿಮೆಯ ಮಾತಿಗೆ ಬರುತ್ತೇನೆ. ಒಂದು ಆಕಳಿಗೆ ದಿನಕ್ಕೆ ಎರಡೂವರೆಯಿಂದ ಮೂರು ತಾಸು ಬೇಕು. ಸಗಣಿ ಬಾಚುವುದು, ಮೇವು ಕೊಯ್ದು ತರುವುದು, ಕತ್ತರಿಸುವುದು, ನೀರು ಕುಡಿಸುವುದು, ಎರಡು ಹೊತ್ತು ಹಿಂಡಿ ಡೇರಿಗೆ ಹೋಗುವುದು. ಬೇಸಿಗೆಯಲ್ಲಿ ಅರವತ್ತರಿಂದ ಎಂಬತ್ತು ಲೀಟರ್ ನೀರು ಕುಡಿಯುತ್ತದೆ, ತಗಡಿನ ಚಪ್ಪರದ ಕೆಳಗೆ ಕಟ್ಟಿದರೆ ತೇಕುತ್ತ ಮೇವನ್ನೇ ಬಿಡುತ್ತದೆ, ಮೈ ತೋಯಿಸಬೇಕು. ತಾಸಿಗೆ 50 ರೂಪಾಯಿ ಕೂಲಿ ಹಿಡಿದರೂ 425 ದಿನಕ್ಕೆ 50,000 ದಾಟುತ್ತದೆ. ಒಂದು ಆಕಳಿನ ಉಳಿತಾಯದಲ್ಲಿ ಆ ಕೂಲಿ ಹುಟ್ಟುವುದಿಲ್ಲ. ಆದ್ದರಿಂದ ಆಳಿಟ್ಟು ಒಂದೆರಡು ಆಕಳು ಸಾಕುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಮನೆಯವರೇ ಮಾಡುವುದಾದರೂ ಆ ತಾಸುಗಳಲ್ಲಿ ಹೆಚ್ಚಿನವು ಮನೆಯ ಹೆಣ್ಣುಮಕ್ಕಳವು. ಆಕಳು ತರುವ ಮೊದಲು ಅವರನ್ನು ಕೇಳಬೇಕು, ಸಂಘದ ಸದಸ್ಯತ್ವವೂ ಬಟವಾಡೆಯ ಖಾತೆಯೂ ಅವರ ಹೆಸರಿನಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮದುವೆಗೂ ಜಾತ್ರೆಗೂ ಹೋಗಲಾಗದೆ ಕೊಟ್ಟಿಗೆಯಲ್ಲಿ ಉಳಿಯುವವರು ಅವರೇ.

ಎರಡನೇ ಆಕಳಿಗೆ ತಾಸುಗಳು ಎರಡು ಪಟ್ಟಾಗುವುದಿಲ್ಲ, ಒಂದು ಒಂದೂವರೆ ತಾಸು ಹೆಚ್ಚು ಬೇಕಾದೀತು. ಮೇವು ತರುವ ದಾರಿ, ಡೇರಿಗೆ ಹೋಗುವ ದಾರಿ ಎರಡಕ್ಕೂ ಒಂದೇ. ಹಾಗಾಗಿ ಮೇವಿದ್ದವರಿಗೆ ಎರಡು ಆಕಳು ಸರಿಯಾದ ಶುರುವಾತು, ಆದರೆ ಎರಡನ್ನೂ ಒಂದೇ ಸಂತೆಯಲ್ಲಿ ತರಬೇಡಿ. ಒಟ್ಟಿಗೆ ಈದವು ಒಟ್ಟಿಗೇ ಬತ್ತುತ್ತವೆ. ಆರೇಳು ತಿಂಗಳ ಅಂತರದಲ್ಲಿ ಈಯುವಂತಿದ್ದರೆ ಒಂದು ಬತ್ತಿದಾಗ ಇನ್ನೊಂದು ಏಳೆಂಟು ಲೀಟರಿನ ಹತ್ತಿರ ಇರುತ್ತದೆ, ಬತ್ತಿದ ಆಕಳ ಹಿಂಡಿಗೆ ಸಾಲ ಮಾಡಬೇಕಾಗುವುದಿಲ್ಲ.

ಹಸಿ ಮೇವು ಬೆಳೆಯಲು ನೀರೇ ಇಲ್ಲದವರು ಮಿಶ್ರತಳಿಯ ಆಸೆ ಬಿಟ್ಟು ನಮ್ಮದೇ ಧಾರವಾಡಿ ಎಮ್ಮೆಯನ್ನು ನೋಡುವುದು ಒಳ್ಳೆಯದು. ಗದಗ ಜಿಲ್ಲೆಯೂ ಅದರ ತವರಿನಲ್ಲಿ ಸೇರಿದೆ. ಸೂಲಿಗೆ ಸಾವಿರ ಲೀಟರಿನ ಆಸುಪಾಸು ಮಾತ್ರ ಹಾಲು, ಆದರೆ ಫ್ಯಾಟ್ ಶೇ 7ರ ಹತ್ತಿರ. ಧಾರವಾಡ ಪೇಡೆಗೆ ಹೆಸರು ಬಂದದ್ದು ಈ ಹಾಲಿನಿಂದಲೇ. ಕಣಿಕೆ, ಹೊಟ್ಟಿನಲ್ಲಿ ಅದು ಬದುಕುತ್ತದೆ. ಗಜೇಂದ್ರಗಡ, ನರೇಗಲ್ಲದಂಥ ಊರುಗಳಲ್ಲಿ ಮನೆಮನೆಗೆ ಹಾಲು, ಮೊಸರು ಹಾಕುವ ಅನುಕೂಲವಿದ್ದವರಿಗೆ ಮಾತ್ರ ಅದು ಗಿಟ್ಟುತ್ತದೆ. ಎಮ್ಮೆ 310 ದಿನ ಗಬ್ಬವಿರುತ್ತದೆ, ಬೇಸಿಗೆಯಲ್ಲಿ ಅದರ ಬೆದೆ ಸದ್ದಿಲ್ಲದೆ ಬಂದು ಹೋಗುತ್ತದೆ. ಬತ್ತಿದ ದಿನಗಳು ಆಕಳಿಗಿಂತಲೂ ಹೆಚ್ಚು ಎಂದು ತಿಳಿದೇ ಕಟ್ಟಿರಿ.

ಇಷ್ಟೆಲ್ಲ ಕೇಳಿಯೂ ಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಮುಂಗಾರಿಗೆ ಎಂಟೋ ಹದಿನಾರೋ ಗುಂಟೆ ನೇಪಿಯರ್ ಹಚ್ಚಿ. ಶ್ರಾವಣ, ಭಾದ್ರಪದದಲ್ಲಿ ಎರಡು ಕಟಾವು ಬರುವುದನ್ನು ಕಣ್ಣಾರೆ ನೋಡಿ. ದೀಪಾವಳಿಯ ಹೊತ್ತಿಗೆ ಬಿಸಿಲು ಇಳಿದಿರುತ್ತದೆ, ಆಗ ಈದು ಒಂದೆರಡು ವಾರವಾದ ಒಂದು ಆಕಳನ್ನು ತನ್ನಿ. ತರುವಾಗ ಒಂದೇ ಹೊತ್ತಿನ ಹಾಲು ನೋಡಿ ಮುಂಗಡ ಕೊಡಬೇಡಿ. ಕೊಳ್ಳುವವರು ಬರುತ್ತಾರೆಂದು ಹಿಂದಿನ ಹೊತ್ತು ಹಿಂಡದೆ ಕೆಚ್ಚಲು ತುಂಬಿಸಿರುತ್ತಾರೆ. ಮೊದಲ ಹೊತ್ತಿನದನ್ನು ಲೆಕ್ಕಕ್ಕೆ ಹಿಡಿಯದೆ, ನಿಮ್ಮ ಕೈಯಾರೆ ಮುಂದಿನ ಎರಡು ಹೊತ್ತು ಹಿಂಡಿ ಅಳೆದ ಮೇಲೆ ಬೆಲೆ ಮಾತಾಡಿ. ನಾಲ್ಕೂ ಮೊಲೆಯಿಂದ ಸಮನಾಗಿ ಸೆಲೆ ಬರುತ್ತದೆಯೇ, ಗಂಟು ಕೈಗೆ ಸಿಗುತ್ತದೆಯೇ ಎಂದು ನೋಡಿ. ತಂದ ಆಕಳನ್ನು ಎರಡನೇ ತಿಂಗಳಿನಿಂದಲೇ ಬೆದೆಗೆ ಕಾಯಿರಿ. ಯುಗಾದಿಯೊಳಗೆ ಕಣಿಕೆಯ ಬಣವೆ ಒಟ್ಟಿ. ಆ ಆಕಳು ಗಬ್ಬವೆಂದು ಡಾಕ್ಟರು ಕೈ ಹಾಕಿ ಹೇಳಿದ ಮೇಲೆ, ಬೇಸಿಗೆಯನ್ನು ಅದು ಹೇಗೆ ದಾಟಿತು ಎಂದು ನೋಡಿಕೊಂಡು, ಮಳೆಗಾಲದ ಮೊದಲ ಹಸಿ ಮೇವು ಕೈಗೆ ಬಂದಾಗ ಎರಡನೆಯದನ್ನು ತನ್ನಿ.